ಐಬಿಡ್ ಮಹಾಶಯರ ಸಮಗ್ರ ಕೃತಿಗಳು

ಪ್ರಪಂಚದ ಪುಸ್ತಕಗಳಲ್ಲಿ ಅತಿ ಹೆಚ್ಚು ಸಲ ಹೆಸರು ಹೇಳಿಸಿಕೊಂಡ ಲೇಖಕ ಯಾರು ಅಂದರೆ ಐಬಿಡ್ ಅನ್ನಬೇಕಾಗುತ್ತದೆ. ಚರಿತ್ರೆ, ಕಾನೂನು, ಶಾಸನ, ವ್ಯಾಕರಣ, ಅವರು ಕೈಯಾಡಿಸದ ಶಾಸ್ತ್ರವೇ ಇಲ್ಲ. ಇದು ಪಂಡಿತರ ಕೋಣೆಗಳಲ್ಲಿ ಓಡಾಡುವ ಹಳೇ ಚೇಷ್ಟೆ. ಭಯಾನಕ ಕಥೆಗಳಿಗೆ ಹೆಸರಾದ ಅಮೆರಿಕದ ಎಚ್.ಪಿ. ಲವ್‌ಕ್ರಾಫ್ಟ್ ಈ ಚೇಷ್ಟೆಯನ್ನೇ ಹಿಗ್ಗಿಸಿ, ‘ಐಬಿಡ್’ ಎಂಬ ಹೆಸರಲ್ಲೇ ಒಂದು ಹುಸಿ ಜೀವನಚರಿತ್ರೆ ಬರೆದ. ಅದರಲ್ಲಿ ಐಬಿಡ್ ಒಬ್ಬ ರೋಮನ್ ವಿದ್ವಾಂಸ, ‘ಆಪ್ ಸಿಟ್’ ಆತನ ಮೇರುಕೃತಿ. ಅದನ್ನು ಬರೆಯುವಾಗ ಅವನಿಗೆ ಎಷ್ಟು ನಗು ಬಂದಿರಬಹುದೋ, ಪಿಎಚ್.ಡಿ. ಮಾಡುತ್ತಿರುವವರಿಗೆ ಅಷ್ಟು ಬರಲಿಕ್ಕಿಲ್ಲ.

ಐಬಿಡ್ ಅಂದರೆ ಲ್ಯಾಟಿನ್ನಿನ ‘ಐಬಿಡೆಮ್’, ಅದೇ ಜಾಗದಲ್ಲಿ ಎಂದರ್ಥ. ಈಗಷ್ಟೇ ಹಿಂದಿನ ಟಿಪ್ಪಣಿಯಲ್ಲಿ ಹೇಳಿದ ಪುಸ್ತಕವೇ ಇದು, ಬೇಕಾದರೆ ಪುಟ ಬೇರೆ, ಅಂತ. ‘ಆಪ್ ಸಿಟ್’ ಇನ್ನೂ ಹಿಂದಕ್ಕೆ ಕೈ ಚಾಚುತ್ತದೆ. ಮೊದಲೆಲ್ಲೋ ಹೆಸರಿಸಿದ ಕೃತಿಯಲ್ಲಿ ಎಂದು ಅದರ ಅರ್ಥ, ಆದ್ದರಿಂದ ಅದರ ಮುಂದೆ ಲೇಖಕನ ಹೆಸರಾದರೂ ಇರಬೇಕು. ‘ಲಾಕ್ ಸಿಟ್’ ಕೃತಿಯನ್ನಷ್ಟೇ ಅಲ್ಲ, ಹಿಂದೆ ಹೇಳಿದ ಪುಟವನ್ನೇ ತೋರಿಸುತ್ತದೆ. ‘ಈಡೆಮ್’ ಅಂದರೆ ಅದೇ ಲೇಖಕ. ಲೇಖಕಿಯಾದರೆ ‘ಈಯಾಡೆಮ್’ ಅನ್ನಬೇಕು ಎನ್ನುವ ಮಡಿವಂತರೂ ಇದ್ದಾರೆ. ಇವೆಲ್ಲ ಯುರೋಪಿನ ಪಂಡಿತರು ಲ್ಯಾಟಿನ್ನಿನಲ್ಲೇ ಬರೆಯುತ್ತಿದ್ದ ಕಾಲದ ಆಸ್ತಿ. 1687ರಲ್ಲಿ ನ್ಯೂಟನ್ ಕೂಡ ತನ್ನ ‘ಪ್ರಿನ್ಸಿಪಿಯಾ’ವನ್ನು ಲ್ಯಾಟಿನ್ನಿನಲ್ಲೇ ಅಚ್ಚು ಹಾಕಿಸಿದ. ಭಾಷೆ ಹೋದ ಮೇಲೂ ಅದರ ಚೂರುಗಳು ಪುಟದ ಕೆಳಗೆ ಉಳಿದುಕೊಂಡವು.

ಪುಟದ ಕೆಳಗೆ ಅಂದೆ. ಅದೂ ಒಂದು ಜಗಳದ ವಿಷಯವೇ. ಗಿಬ್ಬನ್ನನ ರೋಮನ್ ಸಾಮ್ರಾಜ್ಯದ ಚರಿತ್ರೆಯ ಮೊದಲ ಸಂಪುಟ 1776ರಲ್ಲಿ ಬಂದಾಗ ಟಿಪ್ಪಣಿಗಳೆಲ್ಲ ಕೊನೆಯಲ್ಲಿದ್ದವು. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಆಗ ಸಾವಿನ ಹತ್ತಿರದಲ್ಲಿದ್ದ. ಹಾಗಿದ್ದರೂ ಪ್ರಕಾಶಕನಿಗೆ ಕಾಗದ ಬರೆದು, ಪ್ರತಿ ಸಲ ಪುಸ್ತಕದ ತುದಿಗೆ ಓಡಲಾಗುವುದಿಲ್ಲ, ಟಿಪ್ಪಣಿಗಳನ್ನು ಪುಟದ ಬದಿಗೋ ಅಡಿಗೋ ತನ್ನಿ ಎಂದು ಗೊಣಗಿದ. ಮುಂದಿನ ಮುದ್ರಣಗಳಲ್ಲಿ ಅವು ಅಡಿಗೆ ಬಂದವು. ಓದುಗನ ಕಷ್ಟ ಬಲ್ಲ ಮನುಷ್ಯ.

ಈಗ ನಮ್ಮೂರಿನ ಉದಾಹರಣೆಗೇ ಬರೋಣ. ಹಳೆಯ ಮೈಸೂರಿನ ಮೇಲೆ ಒಬ್ಬಾಕೆ ಪ್ರಬಂಧ ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಐದನೇ ಟಿಪ್ಪಣಿಯಲ್ಲಿ ಬಿ.ಎಲ್. ರೈಸರ ‘ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್’, 1909, ಪುಟ 40 ಎಂದು ಪೂರಾ ಬರೆದಳು. ಆರನೆಯದಕ್ಕೆ ‘ಐಬಿಡ್, ಪುಟ 42’. ಸರಿಯಾಗಿದೆ. ಮಾರ್ಗದರ್ಶಕರು ಓದಿ, ಇಲ್ಲಿ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯನ್ನೂ ಹೇಳಬೇಕಲ್ಲಮ್ಮ ಎಂದರು. ಆಕೆ ಎರಡರ ನಡುವೆ ಒಂದು ಹೊಸ ಟಿಪ್ಪಣಿ ತೂರಿಸಿದಳು. ಕಂಪ್ಯೂಟರು ತನ್ನ ಪಾಡಿಗೆ ಆರನ್ನು ಏಳು ಮಾಡಿತು. ಅಂಕಿ ಸರಿಪಡಿಸುವುದು ಅದಕ್ಕೆ ಗೊತ್ತು, ಐಬಿಡ್‌ನ ಅರ್ಥ ಗೊತ್ತಿಲ್ಲ. ಈಗ ಏಳನೇ ಟಿಪ್ಪಣಿ ಕವಿಚರಿತೆಯ 42ನೇ ಪುಟವನ್ನು ತೋರಿಸುತ್ತಿದೆ. ಆ ಪುಸ್ತಕದಲ್ಲೂ 42ನೇ ಪುಟ ಇದ್ದೇ ಇದೆ. ಹಾಗಾಗಿ ನೋಡಿದವರಿಗೆ ಅನುಮಾನವೇ ಬರದು. ಪುಸ್ತಕ ತೆಗೆದು ಪುಟ ತಿರುವಿದವನಿಗೆ ಮಾತ್ರ, ಇಲ್ಲಿ ಆ ವಿಷಯದ ಸುದ್ದಿಯೇ ಇಲ್ಲವಲ್ಲ ಎನ್ನಿಸೀತು. ತಿರುವಿ ನೋಡುವವರು ಎಷ್ಟು ಜನ?

ಮನೆಗೆ ದಾರಿ ಕೇಳಿದರೆ ‘ಎಮ್ಮೆ ಕಟ್ಟಿದೆ ನೋಡಿ, ಅದರ ಪಕ್ಕದ ಮನೆ’ ಎನ್ನುವವರಿದ್ದಾರೆ. ಐಬಿಡ್ ಇಂಥ ವಿಳಾಸ. ಎಮ್ಮೆಯನ್ನು ಯಾರೂ ಬಿಚ್ಚಿಕೊಂಡು ಹೋಗದಿದ್ದರೆ ಸರಿ.

ಆಪ್ ಸಿಟ್‌ನ ತೊಂದರೆ ಬೇರೆ ಥರದ್ದು. ಅದೇ ಪ್ರಬಂಧದ ನೂರಹನ್ನೆರಡನೇ ಟಿಪ್ಪಣಿಯಲ್ಲಿ ‘ರೈಸ್, ಆಪ್ ಸಿಟ್, ಪುಟ 30’ ಎಂದಿದೆ ಅನ್ನಿ. ಯಾವ ರೈಸ್? ಬಿ.ಎಲ್. ರೈಸ್ ಒಬ್ಬರು, ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಇನ್ನೊಬ್ಬರು. ಮೊದಲನೆಯವರೇ ಎಂದುಕೊಂಡರೂ, ಅವರದೇ 1897ರ ಮೈಸೂರು ಗೆಜೆಟಿಯರ್ ಬೇರೆ ಇದೆ, ಅದೂ ಎರಡು ಸಂಪುಟ. ಓದುಗ ನೂರಹನ್ನೊಂದು ಟಿಪ್ಪಣಿಗಳನ್ನು ಹಿಂದಕ್ಕೆ ಜಾಲಾಡಿ, ಮೂರು ಪುಸ್ತಕಗಳಲ್ಲಿ ಒಂದನ್ನು ಊಹಿಸಬೇಕು. ಅದರ ಬದಲು ‘ಬಿ.ಎಲ್. ರೈಸ್, ಮೈಸೂರ್ ಅಂಡ್ ಕೂರ್ಗ್, ಪುಟ 30’ ಎಂದು ಬರೆದಿದ್ದರೆ ಎರಡು ಪದ ಹೆಚ್ಚಾಗುತ್ತಿತ್ತು, ಅಷ್ಟೇ.

ಶಿಕಾಗೋ ವಿಶ್ವವಿದ್ಯಾನಿಲಯ ಮುದ್ರಣಾಲಯದ ಕೈಪಿಡಿ ಈಗ ಹೇಳುವುದೂ ಇದನ್ನೇ. ಆಪ್ ಸಿಟ್, ಲಾಕ್ ಸಿಟ್‌ಗಳನ್ನು ಅದು ಮೊದಲೇ ದೂರವಿಟ್ಟಿತ್ತು. 2017ರ ಆವೃತ್ತಿಯಲ್ಲಿ ಐಬಿಡ್‌ಗೂ ಬೇಡ ಅಂದಿತು. ಕಾರಣಗಳು ತೀರ ಲೌಕಿಕ. ಲೇಖಕನ ಉಪನಾಮ, ಮೊಟಕು ಶೀರ್ಷಿಕೆ, ಪುಟ ಸೇರಿದರೂ ಸಾಮಾನ್ಯವಾಗಿ ಒಂದೇ ಸಾಲು. ಐಬಿಡ್ ಹಾಕಿದರೂ ಒಂದು ಸಾಲು ಹೋಗಿಯೇ ಹೋಗುತ್ತದೆ, ಉಳಿದದ್ದೇನು? ಜೊತೆಗೆ ಪರದೆಯ ಮೇಲೆ ಓದುವವರು ಅಂಕಿ ಮುಟ್ಟಿದರೆ ಆ ಒಂದೇ ಟಿಪ್ಪಣಿ ಚಿಮ್ಮುತ್ತದೆ, ಅದರಲ್ಲಿ ‘ಐಬಿಡ್’ ಅಂತಿರುತ್ತದೆ. ಅದೇ ಜಾಗದಲ್ಲಿ, ಎಂದು. ಯಾವ ಜಾಗ ಸ್ವಾಮಿ? ಹ್ಯೂಮ್ ಇದ್ದಿದ್ದರೆ ಇನ್ನೊಂದು ಕಾಗದ ಬರೆಯುತ್ತಿದ್ದ.

ಆದರೆ ಲ್ಯಾಟಿನ್ನನ್ನು ಕಂಡರೆ ಆಗದವರು ಈ ತೀರ್ಪನ್ನು ಭಾಷೆಯ ಮೇಲೆ ಹೊರಿಸುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ‘ಎಟ್ ಆಲ್’ ನೋಡಿ, ಮತ್ತಿತರರು ಎಂದರ್ಥ. ಅದೂ ಲ್ಯಾಟಿನ್ನೇ. ಮನಶ್ಶಾಸ್ತ್ರಜ್ಞರ ಎಪಿಎ ಶೈಲಿಯಲ್ಲಿ ಐಬಿಡ್‌ಗೆ ಜಾಗವೇ ಇಲ್ಲ, ಎಟ್ ಆಲ್ ಮಾತ್ರ ಈಗ ಮೊದಲಿಗಿಂತ ಜೋರು. ಮೂರು ಲೇಖಕರಿದ್ದರೆ ಸಾಕು, ಪಠ್ಯದಲ್ಲಿ ಮೊದಲ ಸಲದಿಂದಲೇ ಅದನ್ನು ಹಾಕುತ್ತಾರೆ. ಯಾಕೆ ಬದುಕಿತು? ಅದು ಹಿಂದಕ್ಕೆಲ್ಲೂ ಬೆರಳು ತೋರಿಸುವುದಿಲ್ಲ, ಪಕ್ಕದ ಟಿಪ್ಪಣಿ ಎತ್ತ ಹೋದರೂ ತನ್ನ ಜಾಗದಲ್ಲೇ ಅರ್ಥ ಕೊಡುತ್ತದೆ. ಬ್ರಿಟಿಷ್ ಸರ್ಕಾರದ ಜಾಲತಾಣದವರು ‘ಉದಾಹರಣೆಗೆ’ ಎಂಬುದರ ಲ್ಯಾಟಿನ್ ಸಂಕ್ಷೇಪ ‘ಇಜಿ’ಯನ್ನು ಬಿಟ್ಟದ್ದಕ್ಕೆ ಬೇರೆ ಕಾರಣವಿದೆ: ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ ಅದನ್ನು ಕೆಲವೊಮ್ಮೆ ‘ಎಗ್’ ಎಂದು ಓದುತ್ತಿತ್ತಂತೆ. ತೆರಿಗೆಯ ನಿಯಮದ ನಡುವೆ ಕೋಳಿಮೊಟ್ಟೆ! ಅಮೆರಿಕದ ವಕೀಲರು ಮಾತ್ರ ಯಾರ ಮಾತೂ ಕೇಳದೆ ‘ಇಡ್’, ‘ಸುಪ್ರಾ’ ಹಿಡಿದು ಕೂತಿದ್ದಾರೆ.

ನಮ್ಮ ಸಂಶೋಧನಾ ಪ್ರಬಂಧಗಳಲ್ಲಿ ಲ್ಯಾಟಿನ್ ಬಿಟ್ಟು ‘ಅದೇ, ಪು. 42’ ಎಂದು ಬರೆಯುವುದುಂಟು. ಓದಲು ಚೆಂದ, ಕನ್ನಡದ್ದು ಎಂಬ ಹೆಮ್ಮೆ ಬೇರೆ. ಆದರೆ ನಡುವೆ ಒಂದು ಟಿಪ್ಪಣಿ ತೂರಿಸಿದರೆ ‘ಅದೇ’ ಕೂಡ ‘ಬೇರೆ’ ಆಗಿಬಿಡುತ್ತದೆ.

ವಿಶ್ವವಿದ್ಯಾನಿಲಯದ ನಿಯಮವೇ ಐಬಿಡ್ ಕೇಳುತ್ತದೆ, ಏನು ಮಾಡಲಿ ಎನ್ನುವವರಿಗೆ ಒಂದು ಉಪಾಯವಿದೆ. ಕರಡಿನ ಉದ್ದಕ್ಕೂ ಹೆಸರು, ಮೊಟಕು ಶೀರ್ಷಿಕೆ, ಪುಟ ಅಂತಲೇ ಬರೆಯುತ್ತಾ ಹೋಗಿ. ಮಾರ್ಗದರ್ಶಕರು ಇನ್ನು ಒಂದಕ್ಷರವನ್ನೂ ಸೇರಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಬೈಂಡಿಂಗಿಗೆ ಕೊಡುವ ಹಿಂದಿನ ದಿನ, ಮೊದಲ ಟಿಪ್ಪಣಿಯಿಂದ ಶುರುಮಾಡಿ ಒಂದೊಂದನ್ನೇ ಬದಲಿಸಿ. ಹಿಂದಿನ ಟಿಪ್ಪಣಿಯಲ್ಲಿ ಎರಡು ಪುಸ್ತಕಗಳಿದ್ದರೆ ಅಲ್ಲಿ ಮಾತ್ರ ಐಬಿಡ್ ಹಾಕಬೇಡಿ, ಯಾವುದರದು ಎಂದು ಯಾರಿಗೂ ತಿಳಿಯುವುದಿಲ್ಲ. ಮತ್ತೆ, ಹಳೇ ಕರಡಿನ ಒಂದು ಪ್ರತಿ ಇಟ್ಟುಕೊಳ್ಳಿ. ಮೌಖಿಕ ಪರೀಕ್ಷೆಗೆ ಬಂದವರು ಅಲ್ಲೊಂದು ಟಿಪ್ಪಣಿ ಬೇಕಿತ್ತು ಎನ್ನದೆ ಬಿಡುವವರಲ್ಲ.