ಹಗ್ಗ ಎಷ್ಟು ಸಲ ಗೆರೆ ದಾಟಿದೆ?

ಅಕ್ಕನ ಮಗ ಸೆಕೆಂಡ್ ಪಿಯುಸಿ. ಭಾನುವಾರ ನಮ್ಮನೆಗೆ ಬಂದರೆ ಊಟಕ್ಕಿಂತ ಮುಂಚೆ ಬ್ಯಾಗಿಂದ ಫಿಸಿಕ್ಸ್ ಪುಸ್ತಕ ಹೊರಗೆ ಬರುತ್ತೆ. ಈ ಸಲ ತಂದಿದ್ದ ಲೆಕ್ಕ ಹೀಗಿತ್ತು. 60 ಕೆಜಿ ತೂಕದ ಒಬ್ಬ ಮನುಷ್ಯ 10 ಕೆಜಿ ತೂಕದ ಹಲಗೆ ಮೇಲೆ ಕೂತಿದ್ದಾನೆ. ಹಲಗೆಗೆ ಕಟ್ಟಿದ ಹಗ್ಗ ಮೇಲಿರೋ ರಾಟೆಯನ್ನು ಸುತ್ತಿ ಕೆಳಗೆ ಬಂದಿದೆ, ಅದರ ತುದಿ ಅವನ ಕೈಯಲ್ಲೇ ಇದೆ. ತನ್ನನ್ನು ತಾನೇ ನಿಧಾನಕ್ಕೆ, ಒಂದೇ ವೇಗದಲ್ಲಿ ಮೇಲಕ್ಕೆ ಎಳ್ಕೋಬೇಕು ಅಂದ್ರೆ ಅವನು ಎಷ್ಟು ಬಲ ಹಾಕಬೇಕು?

ಹುಡುಗ F = ma ಅಂತ ಮೊದಲನೇ ಸಾಲಲ್ಲೇ ಬರೆದಿದ್ದ. ಒಟ್ಟು 70 ಕೆಜಿ, g ಅನ್ನು 10 ಅಂತ ಇಟ್ಕೊಂಡ್ರೆ 700 ನ್ಯೂಟನ್. ಪುಸ್ತಕದ ಹಿಂದೆ ಉತ್ತರ 350. "ಮಾಮ, ಇದಕ್ಕೆ ಬೇರೆ ಫಾರ್ಮುಲಾ ಇರಬೇಕು ಅಲ್ವಾ?" ಅಂದ.

ಬೇರೆ ಫಾರ್ಮುಲಾ ಏನೂ ಇಲ್ಲ. ಅವನು ಬರೆದಿದ್ದು ತಪ್ಪೂ ಅಲ್ಲ, ಆದರೆ F ಅಂದ್ರೆ ಯಾವುದರ ಮೇಲೆ ಬೀಳ್ತಿರೋ ಬಲ ಅಂತ ತೀರ್ಮಾನ ಮಾಡದೇ ಬರೆದಿದ್ದ. "ಪೆನ್ ಇಡು, ಪೆನ್ಸಿಲ್ ತಗೋ" ಅಂದೆ. ಹುಡುಗ ಚೆನ್ನಾಗೇ ಚಿತ್ರ ಬರೆದ. ರಾಟೆ, ಹಗ್ಗ, ಹಲಗೆ, ಮೇಲೆ ಕೂತವನಿಗೆ ತಲೆಗೂದಲು ಕೂಡ. ಇದು ಸನ್ನಿವೇಶದ ಚಿತ್ರ. ಬೇಕು, ಆದರೆ ಇದರಿಂದ ಸಮೀಕರಣ ಬರಲ್ಲ. ಫ್ರೀ ಬಾಡಿ ಡಯಾಗ್ರಾಂ ಅನ್ನೋದು ಎರಡನೇ ಚಿತ್ರ. ಒಂದು ವಸ್ತುವನ್ನು ಮಾತ್ರ ಎತ್ಕೊಂಡು, ಅದರ ಸುತ್ತ ಇರೋದನ್ನೆಲ್ಲ ಅಳಿಸಿ, ಅಳಿಸಿದ ಪ್ರತಿಯೊಂದೂ ಈ ವಸ್ತುವನ್ನ ಹೇಗೆ ಎಳೀತಿತ್ತು ಅಥವಾ ತಳ್ಳುತಿತ್ತು ಅನ್ನೋದಕ್ಕೆ ಒಂದೊಂದು ಬಾಣ ಹಾಕೋದು.

ಹಾಗಾದ್ರೆ ಯಾವ ವಸ್ತು? ಮನುಷ್ಯ ಮತ್ತು ಹಲಗೆ ಎರಡನ್ನೂ ಸೇರಿಸಿ ಸುತ್ತ ಚುಕ್ಕಿ ಗೆರೆ ಎಳಿ ಅಂದೆ. ಈಗ ಆ ಗೆರೆಯನ್ನ ದಾಟಿ ಹೊರಗೆ ಹೋಗ್ತಿರೋದು ಏನೇನು ಅಂತ ಎಣಿಸಬೇಕು. ಹಲಗೆಗೆ ಕಟ್ಟಿದ ಕಡೆ ಹಗ್ಗ ಒಂದು ಸಲ ದಾಟಿದೆ. ಕೈಯಲ್ಲಿ ಹಿಡಿದ ಕಡೆ ಇನ್ನೊಂದು ಸಲ ದಾಟಿದೆ. ಮುಟ್ಟದೇ ಎಳೆಯೋದು ಭೂಮಿ ಒಂದೇ. ಅಂದ್ರೆ ಮೂರೇ ಬಾಣ: ಮೇಲಕ್ಕೆ T, ಮೇಲಕ್ಕೆ ಇನ್ನೊಂದು T, ಕೆಳಕ್ಕೆ 700. ವೇಗ ಬದಲಾಗ್ತಿಲ್ಲ, ಹಾಗಾಗಿ 2T = 700. ಎಳೆತ 350.

ಹುಡುಗ ಒಪ್ಪಲಿಲ್ಲ. "ಕೈ ಹಗ್ಗವನ್ನ ಕೆಳಕ್ಕೆ ತಾನೇ ಎಳೀತಿರೋದು? ಆ ಬಾಣ ಕೆಳಕ್ಕೆ ಇರಬೇಕಲ್ವಾ?"

ಈ ಪ್ರಶ್ನೆ ಕೇಳದೇ ಸುಮ್ಮನೆ 350 ಅಂತ ಬರ್ಕೊಂಡಿದ್ರೆ ನನಗೆ ಬೇಜಾರಾಗ್ತಿತ್ತು. ಕೈ ಹಗ್ಗವನ್ನ ಕೆಳಕ್ಕೆ ಎಳೀತಿರೋದು ನಿಜ, ಆದರೆ ಆ ಬಾಣ ಹಗ್ಗದ ಚಿತ್ರಕ್ಕೆ ಸೇರಿದ್ದು. ನಾವು ಬರೀತಿರೋದು ಮನುಷ್ಯನ ಚಿತ್ರ. ಹಗ್ಗ ಅವನ ಕೈಯನ್ನ ಏನು ಮಾಡ್ತಿದೆ ಅನ್ನೋದಷ್ಟೇ ಇಲ್ಲಿ ಬೇಕು. ನಮ್ಮೂರ ಬಾವೀಲಿ ನೀರು ಸೇದೋವಾಗ ತುಂಬಿದ ಕೊಡ ನೀರಿಂದ ಮೇಲೆ ಬರ್ತಿದ್ದ ಹಾಗೆ ಹಗ್ಗ ನಮ್ಮನ್ನೇ ಮೇಲಕ್ಕೆ ಎತ್ತಿದ ಹಾಗೆ ಆಗಿ, ಚಿಕ್ಕವರಿದ್ದಾಗ ಹಿಮ್ಮಡಿ ನೆಲ ಬಿಡ್ತಿತ್ತು. ಬೆಂಗಳೂರಿನ ನಲ್ಲಿ ನೀರಿನ ಹುಡುಗನಿಗೆ ಇದು ಗೊತ್ತಿಲ್ಲ, ಅದಕ್ಕೇ ಜಿಮ್‌ನಲ್ಲಿ ಕೇಬಲ್ ಎಳೆಯೋ ಮಶೀನ್ ನೆನಪಿಸಿದೆ. ಭಾರ ಜಾಸ್ತಿ ಇಟ್ಟರೆ ಎಳೆಯೋನೇ ಸೀಟಿಂದ ಏಳ್ತಾನೆ. ಅದಕ್ಕೇ ಅಲ್ಲಿ ತೊಡೆ ಮೇಲೆ ಒತ್ತಿ ಹಿಡಿಯೋಕೆ ಪ್ಯಾಡ್ ಇರೋದು. ಆಗ ತಲೆ ಆಡಿಸಿದ.

ಅವನ ಚಿತ್ರದಲ್ಲಿ ಇನ್ನೊಂದು ಬಾಣ ಇತ್ತು. ಮನುಷ್ಯನ ಪಕ್ಕ ಮೇಲ್ಮುಖವಾಗಿ, "ಮೇಲೆ ಹೋಗೋ ಬಲ" ಅಂತ. ಯಾರು ಕೊಡ್ತಿರೋದು ಅಂತ ಕೇಳಿದೆ. ಯೋಚನೆ ಮಾಡಿದ, ಹೆಸರು ಸಿಗಲಿಲ್ಲ, ರಬ್ಬರ್ ತಗೊಂಡ. ನಾನು ನೋಡಿದ ಮಟ್ಟಿಗೆ ಈ ಚಿತ್ರಗಳಲ್ಲಿ ಆಗೋ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಗೆ ಸಿಕ್ಕಿ ಬೀಳುತ್ತವೆ. ಪ್ರತಿ ಬಾಣದ ಬಾಲದಲ್ಲಿ ಕೊಡೋನ ಹೆಸರು ಬರೀಬೇಕು: ಭೂಮಿ, ಹಗ್ಗ, ಹಲಗೆ. ಹೆಸರಿಲ್ಲದ ಬಾಣ ಬಲವಲ್ಲ, ಚಲನೆಯನ್ನೇ ಬಲ ಅಂದ್ಕೊಂಡಿದ್ದು. ಅವನು ಝಾಡಿಸಿ ಎಳೆದು ವೇಗ ಹೆಚ್ಚಿಸ್ಕೊಳ್ತಿದ್ರೂ ಅಷ್ಟೇ. ಆಗ a ಬಾಣವನ್ನ ಚಿತ್ರದ ಹೊರಗೆ, ಪಕ್ಕದಲ್ಲಿ ಬೇರೆಯಾಗಿ ಹಾಕಬೇಕು. ಸೆಕೆಂಡಿಗೆ ಸೆಕೆಂಡಿಗೆ 1 ಮೀಟರ್ ಅಂದ್ಕೊಂಡ್ರೆ 2T − 700 = 70, ಎಳೆತ 385. ಬಾಣಗಳು ಆಗಲೂ ಮೂರೇ.

ಆಮೇಲೆ ಮನುಷ್ಯನೊಬ್ಬನನ್ನೇ ಗೆರೆಯೊಳಗೆ ಹಾಕು ಅಂದೆ. ಈಗ ಹಲಗೆ ಹೊರಗೆ ಹೋಯ್ತು, ಅದಕ್ಕೇ ಅದೂ ಒಂದು ಬಾಣ ಕೊಡುತ್ತೆ: ಮೇಲಕ್ಕೆ N. ಹಗ್ಗ 350 ಮೇಲಕ್ಕೆ, ಭೂಮಿ 600 ಕೆಳಕ್ಕೆ. ಹಾಗಾದ್ರೆ N = 250. ಅವನ ಕೆಳಗೆ ತೂಕದ ಮಶೀನ್ ಇಟ್ಟರೆ 25 ಕೆಜಿ ತೋರಿಸುತ್ತೆ. ಕೋಚಿಂಗ್ ಹುಡುಗರು N ಕಂಡ ಕೂಡಲೇ mg ಅಂತ ಬರೆಯೋ ಅಭ್ಯಾಸ ಇಲ್ಲಿ ಮಕಾಡೆ ಮಲಗುತ್ತೆ. ಉತ್ತರ ಸರಿ ಇದೆಯಾ ಅಂತ ನೋಡೋಕೆ ಪುಸ್ತಕದ ಹಿಂದಿನ ಪುಟ ಬೇಡ, ಉಳಿದಿರೋ ಹಲಗೆಯ ಚಿತ್ರ ಸಾಕು. ಹಗ್ಗ ಮೇಲಕ್ಕೆ 350, ಮನುಷ್ಯ ಕೆಳಕ್ಕೆ ಒತ್ತೋದು 250, ಭೂಮಿ 100. ಸರಿಹೋಯ್ತು.

ಇಲ್ಲಿಗೆ ಲೆಕ್ಕ ಮುಗಿದಿತ್ತು. ಆದರೆ ರಾಟೆ ಸುಮ್ಮನೆ ಕೂತಿತ್ತಲ್ಲ, ಅದರ ಸುತ್ತಲೂ ಗೆರೆ ಎಳೆಸಿದೆ. ಹಗ್ಗ ಎರಡು ಕಡೆ ಕೆಳಕ್ಕೆ ಎಳೀತಿದೆ, ಒಟ್ಟು 700. ಅದನ್ನ ಹೊರೋದು ಸೂರಿನ ಕೊಕ್ಕೆ. ಈಗ ಹಗ್ಗದ ತುದಿಯನ್ನ ಮೇಲಿರೋನ ಕೈಯಿಂದ ಬಿಡಿಸಿ, ನೆಲದ ಮೇಲೆ ನಿಂತ ಗೆಳೆಯನ ಕೈಗೆ ಕೊಡು ಅಂದೆ. ಮನುಷ್ಯ-ಹಲಗೆಯ ಗೆರೆಯನ್ನ ಹಗ್ಗ ಈಗ ದಾಟೋದು ಒಂದೇ ಸಲ. ಎಳೆತ ಪೂರಾ 700. ಕೊಕ್ಕೆ ಮೇಲೆ 1400.

ಅದೇ ಮನುಷ್ಯ, ಅದೇ ಹಲಗೆ, ಅದೇ ಎತ್ತರ, ಕೊಕ್ಕೆಗೆ ಮಾತ್ರ ಎರಡರಷ್ಟು ಭಾರ. ಮಧ್ಯದಲ್ಲಿ ನಿಲ್ಲಿಸಿ ಹಗ್ಗದ ತುದಿಯನ್ನ ತನ್ನ ಹಲಗೆಗೇ ಕಟ್ಟಿಕೊಂಡರೆ 700, ಕೆಳಗಿನ ಕಂಬಕ್ಕೆ ಕಟ್ಟಿದರೆ 1400. ಎತ್ತರದ ಕಟ್ಟಡಕ್ಕೆ ಹೀಗೆ ಹಲಗೆ ಇಳಿಬಿಟ್ಟು ಬಣ್ಣ ಹೊಡೆಯೋ ಕಡೆ, ಗಂಟು ಎಲ್ಲಿ ಬಿತ್ತು ಅನ್ನೋದು ಜೀವದ ಪ್ರಶ್ನೆ. ಹುಡುಗ ಈ ಎರಡು ಅಂಕಿಗಳನ್ನ ಸುಮಾರು ಹೊತ್ತು ನೋಡ್ತಿದ್ದ.

ಒಂದು ಮಿತಿ ಹೇಳಲೇಬೇಕು. ಎರಡೂ ಕಡೆ ಅದೇ T ಅಂತ ಬರೆದಿದ್ದು ರಾಟೆ ಸಲೀಸಾಗಿ ತಿರುಗುತ್ತೆ, ಹಗ್ಗಕ್ಕೆ ತೂಕವೇ ಇಲ್ಲ ಅನ್ನೋ ನಂಬಿಕೆ ಮೇಲೆ. ತುಕ್ಕು ಹಿಡಿದ ರಾಟೆ ಅಥವಾ ಬರೀ ಪೈಪಿನ ಮೇಲೆ ಹಗ್ಗ ಹಾಕಿದ್ರೆ ಘರ್ಷಣೆಯಿಂದ ಎರಡು ಕಡೆಯ ಎಳೆತ ಬೇರೆ ಬೇರೆ ಆಗುತ್ತೆ. ಮೇಲಕ್ಕೆ ಹೋಗೋವಾಗ ಕೈ ಕಡೆ ಜಾಸ್ತಿ, ಹಲಗೆ ಕಡೆ ಕಮ್ಮಿ. ಬಾಣಗಳ ಸಂಖ್ಯೆ ಬದಲಾಗಲ್ಲ, ಹೆಸರು ಮಾತ್ರ T1, T2 ಆಗುತ್ತೆ.

ಊಟಕ್ಕೆ ಎದ್ದಾಗ ಅವನೇ ಕೇಳಿದ. "ಮಾಮ, ಹಲಗೆ 80 ಕೆಜಿ ಇದ್ರೆ?" ಕೂತ್ಕೊಂಡು ಹಾಕಿ ನೋಡಿದ. 2T = 1400, ಎಳೆತ 700, ಮನುಷ್ಯನ ತೂಕ 600, ಹಾಗಾದ್ರೆ N ಮೈನಸ್ 100. ಸಮೀಕರಣ ಯಾವ ಸಂಕೋಚ ಇಲ್ಲದೇ ಆ ಉತ್ತರ ಕೊಡ್ತು. ಚಿತ್ರಕ್ಕೆ ತಿರುಗಿದ. ಹಲಗೆ ಮನುಷ್ಯನನ್ನ ಮೇಲಕ್ಕೆ ಒತ್ತಬಹುದು, ಅಂಟು ಹಚ್ಚಿಲ್ಲವಲ್ಲ, ಕೆಳಕ್ಕೆ ಎಳೆಯೋಕಾಗಲ್ಲ. ಅಂದ್ರೆ 700 ಎಳೆಯೋಕೆ ಮುಂಚೆ, 600ಕ್ಕೇ, ಆಸಾಮಿ ಸೀಟು ಬಿಟ್ಟು ಹಗ್ಗಕ್ಕೆ ಜೋತುಬಿದ್ದಿರ್ತಾನೆ. ಹಲಗೆ ನೆಲ ಬಿಟ್ಟು ಏಳೋದೇ ಇಲ್ಲ. ಅದರ ತೂಕ 800, ಹಗ್ಗ ಹೊತ್ತಿದ್ದು 600. ಉಳಿದ 200ಕ್ಕೆ ಹಲಗೆ ಕೆಳಗಿಂದ ಒಂದು ಬಾಣ ಹಾಕಿ, ಅದರ ಬಾಲದಲ್ಲಿ "ನೆಲ" ಅಂತ ಬರೆದ.