ತಂಗಿ ಮದುವಿ ಮೇ 3ಕ್ಕ: ದಿನ ಬರೆದಿಟ್ಟುಕೊಳ್ಳಿ, ಮುಯ್ಯಿ ಮಾತೂ ಓದಿ

ನನ್ನ ತಂಗಿಯ ಮದುವೆ 2026ರ ಮೇ 3, ರವಿವಾರ. ಚಿಕ್ಕೇರೂರಿನ ನಮ್ಮ ಮನೆ ಮುಂದೆಯೇ ಹಂದರ. ಅಕ್ಕಿಕಾಳು ಬೀಳೋದು ಬೆಳಗ್ಗೆ 10 ಗಂಟೆ 40 ನಿಮಿಷಕ್ಕೆ. ಹಿಂದಿನ ದಿನ ಶನಿವಾರ ಅರಿಷಿಣ, ಸುರಿಗಿ. ಪತ್ರಿಕೆ ಅಚ್ಚಾಗಿ ನಿಮ್ಮ ಮನೆಗೆ ಬರೋದು ಯುಗಾದಿ ಆದಮೇಲೆ. ಅಷ್ಟರೊಳಗೆ ಬೇರೆ ಯಾರಿಗಾದರೂ ಅದೇ ದಿನ ಬರ್ತೀವಿ ಅಂತ ಮಾತು ಕೊಟ್ಟುಬಿಟ್ಟೀರಿ ಅಂತ ಈಗಲೇ ಹೇಳುತ್ತಿದ್ದೇನೆ.

ಈ ವರ್ಷ ಹೀಗೆ ಮೊದಲೇ ಹೇಳೋದಕ್ಕೆ ಒಂದು ಕಾರಣ ಇದೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಚಂದ್ರನ ಲೆಕ್ಕದ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆ ಕೊರತೆ ಕೂಡಿ ಕೂಡಿ ಸುಮಾರು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಒಂದು ಹೆಚ್ಚಿನ ತಿಂಗಳಾಗಿ ಬರುತ್ತದೆ. ಹಿಂದಿನ ಸಲ 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಆ ತಿಂಗಳು ಲಗ್ನ ಮಾಡೋದಿಲ್ಲ. ಅದು ಮುಗಿದು ನಿಜ ಜ್ಯೇಷ್ಠ ಬರೋ ಹೊತ್ತಿಗೆ ನಮ್ಮ ಕಡೆ ಮುಂಗಾರಿನ ಬಿತ್ತನೆ. ಗೋವಿನಜೋಳ, ಹತ್ತಿ ಹಾಕೋ ಹದ ಬಿಟ್ಟು ಹಂದರ ಹಾಕಿ ಕೂರೋರು ಯಾರು? ಅದು ಮುಗಿದರೆ ಆಷಾಢ. ಹಿಂಗಾಗಿ ಬೇಸಿಗೆಯ ಲಗ್ನಗಳೆಲ್ಲ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಬಂದು ಕೂತಿವೆ. ಅಡಿಗೆಯವರು, ಬ್ಯಾಂಡ್‌ನವರು, ಶಾಮಿಯಾನದವರು ಎಲ್ಲರೂ ಅದೇ ಮಾತು ಹೇಳುತ್ತಾರೆ. ನಮಗೆ ರವಿವಾರ ಸಿಕ್ಕಿದ್ದು ಬೆಂಗಳೂರಿಂದ ಬರೋ ಹುಡುಗರಿಗೆ ಅನುಕೂಲ. ಆದರೆ ಅದೇ ರವಿವಾರ ನಿಮ್ಮಲ್ಲಿ ಕೆಲವರಿಗೆ ಎರಡು ಮೂರು ಕಡೆ ಊಟ ಇರುತ್ತದೆ ಅಂತಲೂ ಗೊತ್ತು. ಎಲ್ಲಿಗೆ ಮೊದಲು, ಎಲ್ಲಿಗೆ ಆಮೇಲೆ ಅಂತ ನೀವೇ ನೋಡಿಕೊಳ್ಳಿ. ನಮ್ಮಲ್ಲಿ ಊಟ ಮಧ್ಯಾಹ್ನ ಮೂರರವರೆಗೂ ಇರುತ್ತದೆ.

ಮುಹೂರ್ತ ಬೆಳಗ್ಗೆಯೇ ಬೇಕು ಅಂತ ಅಪ್ಪ ಹಟ ಹಿಡಿದದ್ದು ಮಳೆಗೆ ಹೆದರಿ. ಮೇ ತಿಂಗಳ ಅಡ್ಡಮಳೆ ಬರೋದು ಬಹಳ ಮಟ್ಟಿಗೆ ಮಧ್ಯಾಹ್ನ ಮೂರು ಗಂಟೆಯ ಮೇಲೆ, ಗಾಳಿ ಎಬ್ಬಿಸಿಕೊಂಡು, ಒಮ್ಮೊಮ್ಮೆ ಆಲಿಕಲ್ಲಿನ ಜೊತೆ. ಹಂದರದ ಮದುವೆಗೆ ಅದೇ ಭಯ.

ರೈಲಿಗೆ ಬರೋರು ಹಾವೇರಿಯಲ್ಲೋ ರಾಣೇಬೆನ್ನೂರಿನಲ್ಲೋ ಇಳಿದು ಬಸ್ಸು ಹಿಡೀಬೇಕು. ಹೆಣ್ಣುಮಕ್ಕಳು ಆಧಾರ್ ಕಾರ್ಡು ಮರೀಬೇಡಿ. ಶಕ್ತಿ ಯೋಜನೆಯ ಪುಕ್ಕಟೆ ಪ್ರಯಾಣಕ್ಕೆ ಕಂಡಕ್ಟರ್ ಅದನ್ನು ಕೇಳುತ್ತಾರೆ. ಅದು ಸಾದಾ ಸರ್ಕಾರಿ ಬಸ್ಸಿಗೆ ಮಾತ್ರ. ಊರವರೆಲ್ಲ ಕೂಡಿ ಬಾಡಿಗೆಗೆ ಮಾಡಿಕೊಂಡು ಬರೋ ಬಸ್ಸಿಗೆ ನಡೆಯೋದಿಲ್ಲ.

ಬಟ್ಟೆಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಯಾವ ಬಣ್ಣದ ಕಟ್ಟಳೆಯೂ ಇಲ್ಲ. ಈಗ ಅರಿಷಿಣದ ದಿನ ಹತ್ತಿಪ್ಪತ್ತು ಹೆಣ್ಣುಮಕ್ಕಳು ಒಂದೇ ತರದ ಹಳದಿ ಸೀರೆ ತೆಗೆದುಕೊಂಡು ಉಡೋದು ಶುರುವಾಗಿದೆ. ಫೋಟೊದಲ್ಲಿ ಚಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಆ ಒಂದು ದಿನಕ್ಕೆ ಎಂಟುನೂರು ರೂಪಾಯಿ ಹೊಂದಿಸಲಾಗದೆ ಹಿಂದೆ ನಿಲ್ಲೋ ಅಕ್ಕನೂ ಅದೇ ಫೋಟೊದಲ್ಲಿ ಇರಬೇಕಲ್ಲ. ಮನೆಯಲ್ಲಿದ್ದ ಹಳೆಯ ಹತ್ತಿ ಸೀರೆಯೇ ಶನಿವಾರಕ್ಕೆ ಸರಿ. ಇನ್ನೊಂದು ಮಾತು, ಅರಿಷಿಣ ಬಿದ್ದ ಬಟ್ಟೆಗೆ ಸಾಬೂನು ಹಚ್ಚಿದರೆ ಕಲೆ ಕೆಂಪಾಗಿ ತಿರುಗುತ್ತದೆ, ಹೆದರಬೇಡಿ. ಅರಿಷಿಣಕ್ಕೆ ಸುಣ್ಣ ಸೇರಿದಾಗ ಆಗೋದೂ ಅದೇ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಎರಡು ಮೂರು ದಿನದಲ್ಲಿ ಬಹಳಷ್ಟು ಮಾಸುತ್ತದೆ. ರವಿವಾರ ಇಳಕಲ್ ಸೀರೆಯೋ ದೋತರವೋ ಪ್ಯಾಂಟೋ, ನಿಮಗೆ ತಿಳಿದದ್ದು. ಮೇ ತಿಂಗಳ ಬಿಸಿಲು, ಮೇಲೆ ಶಾಮಿಯಾನದ ಬಟ್ಟೆ ಅನ್ನೋದಷ್ಟು ನೆನಪಿರಲಿ.

ಇನ್ನು ಆಹೇರದ ಮಾತು. ಮನೆಯಲ್ಲಿ ಎಂಟು ದಿನ ಜಗಳ ಆದದ್ದು ಇದಕ್ಕೇ.

ನಾನು ಮೊದಲು ಬರೆದದ್ದು ಎಲ್ಲ ಪತ್ರಿಕೆಗಳಲ್ಲೂ ಇರೋ ಸಾಲು. ಆಹೇರ ಬೇಡ, ಆಶೀರ್ವಾದ ಸಾಕು ಅಂತ. ಅವ್ವ ಓದಿ ಪತ್ರಿಕೆಯ ಕಾಗದವನ್ನೇ ಮಡಚಿಟ್ಟಳು. "ನೀ ಬ್ಯಾಡ ಅಂತ ಬರದ್ರ, ನಿಮ್ಮಪ್ಪ ಇಪ್ಪತ್ತು ವರ್ಷದಿಂದ ಊರೂರು ತಿರುಗಿ ಮಾಡಿದ್ದು ಯಾರು ತೀರಸ್ತಾರ?" ಅಂದಳು. ಅಜ್ಜಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, "ಮುಯ್ಯಿ ಬ್ಯಾಡ ಅಂದ್ರ ಸಂಬಂಧ ಬ್ಯಾಡ ಅಂದಂಗ" ಅಂದಳು.

ಅವರ ಮಾತಿನಲ್ಲಿ ಸುಳ್ಳಿಲ್ಲ. ಮುಯ್ಯಿ ಅಂದರೆ ಬಡ್ಡಿ ಇಲ್ಲದ ಸಾಲ. ಒಂದು ಮನೆಯಲ್ಲಿ ಮದುವೆ ಎದ್ದಾಗ ನೂರು ಮನೆಯವರು ಇಷ್ಟಿಷ್ಟು ಹಾಕಿ ಎತ್ತುತ್ತಾರೆ. ಆ ಮನೆಯವರು ಮುಂದೆ ಹತ್ತು ಹದಿನೈದು ವರ್ಷ ಒಬ್ಬೊಬ್ಬರಿಗೇ ತೀರಿಸುತ್ತಾ ಹೋಗುತ್ತಾರೆ. ಬ್ಯಾಂಕಿಗೆ ಹೋಗಲಾಗದ ಮನೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇರಲಿಲ್ಲ. ತೊಡಕು ಇರೋದು ಬೇರೆ ಎರಡು ಕಡೆ. ಒಂದು, ಬಂದದ್ದಕ್ಕಿಂತ ಒಂದಿಷ್ಟು ಹೆಚ್ಚಿಟ್ಟೇ ತೀರಿಸಬೇಕು ಅನ್ನೋ ರೂಢಿ. ಎರಡು, ಅದನ್ನು ಮೈಕಿನಲ್ಲಿ ಕೂಗೋದು.

ನಮ್ಮ ಮನೆಯ ಪುಸ್ತಕದಲ್ಲಿರೋ ಒಂದೇ ಒಂದು ಹೆಸರಿನ ಲೆಕ್ಕ ಹೇಳುತ್ತೇನೆ, ಹೆಸರು ಬೇಡ. ಸಂಬಂಧದಲ್ಲಿ ನನಗೆ ದೊಡ್ಡಮ್ಮ ಆಗಬೇಕು. 2011ರಲ್ಲಿ ನಮ್ಮ ಮನೆಯ ಮದುವೆಗೆ ಆಕೆ 501 ರೂಪಾಯಿ, ಒಂದು ಸ್ಟೀಲಿನ ಕೊಡ ಕೊಟ್ಟಿದ್ದಳು. 2019ರಲ್ಲಿ ಆಕೆಯ ಮಗನ ಲಗ್ನಕ್ಕೆ ಅಪ್ಪ 1,001 ರೂಪಾಯಿ ಮತ್ತು ಒಂದು ಸೀರೆ ಮಾಡಿ ಬಂದ. ರೂಢಿಯ ಪ್ರಕಾರ ಈಗ ಆಕೆಯ ಸರದಿ. 1,001ಕ್ಕಿಂತ ಮೇಲೆ ಅಂದರೆ 1,501 ಅಥವಾ 2,001, ಮೇಲೊಂದು ಸೀರೆ. ಆಕೆ ಈಗ ಒಬ್ಬಳೇ, ಕೂಲಿಗೆ ಹೋಗುತ್ತಾಳೆ. ದಿನ ಗೊತ್ತಾದ ಕೂಡಲೇ ಫೋನು ಮಾಡಿ, "ಆ ವ್ಯಾಳ್ಯಾಕ್ಕ ನನಗ ಕಾಲು ನೋವು ಜಾಸ್ತಿ ಆಗಿರತೈತಪ್ಪ, ಬರೂದು ಆಗಲಿಕ್ಕಿಲ್ಲ" ಅಂದಳು. ಮೂರು ತಿಂಗಳು ಮುಂದಿನ ಕಾಲುನೋವು ಯಾರಿಗೆ ಗೊತ್ತಿರುತ್ತದೆ? ಅವ್ವ ಫೋನು ಇಟ್ಟು ಬಹಳ ಹೊತ್ತು ಸುಮ್ಮನಿದ್ದಳು. ಜಗಳ ತಣ್ಣಗಾದದ್ದು ಅಲ್ಲಿಂದ.

ಬರೀ "ಆಹೇರ ಬೇಡ" ಅಂತ ಅಚ್ಚು ಹಾಕಿದರೆ ಈ ದೊಡ್ಡಮ್ಮನಿಗೆ ಏನೂ ಆಗೋದಿಲ್ಲ. ಆ ಸಾಲನ್ನು ಯಾರೂ ನಂಬೋದಿಲ್ಲ ಅಂತ ಆಕೆಗೂ ಗೊತ್ತು. ಪತ್ರಿಕೆಯಲ್ಲಿ ಬೇಡ ಅಂದು, ಹಂದರದ ಬಾಯಲ್ಲಿ ಮೇಜು ಹಾಕಿ, ಪುಸ್ತಕ ಇಟ್ಟು, ಪಕ್ಕದಲ್ಲಿ ಮೈಕು ಹಿಡಿದವನನ್ನು ನಿಲ್ಲಿಸಿದರೆ ಪತ್ರಿಕೆಯ ಮಾತು ನಂಬಿ ಬರಿಗೈಲಿ ಬಂದವಳೇ ಮುಜುಗರ ಪಡಬೇಕಾಗುತ್ತದೆ. ಅದಕ್ಕೆ ಮಾತಿಗಿಂತ ಮೊದಲು ಮೇಜು ತೆಗೀಬೇಕು ಅಂತ ತೀರ್ಮಾನ ಮಾಡಿದೆವು.

ನಮ್ಮ ಮದುವೆಯಲ್ಲಿ ಮುಯ್ಯಿ ಮೇಜು ಇರೋದಿಲ್ಲ. ಮೈಕಿನಲ್ಲಿ ಯಾರ ಹೆಸರೂ ಯಾರ ಮೊತ್ತವೂ ಕೂಗೋದಿಲ್ಲ. ನಮಗೆ ತೀರಿಸೋದು ಇದೆ ಅಂದುಕೊಂಡವರು ಈ ಸಲವೇ ತೀರಿಸಬೇಕು ಅಂತಿಲ್ಲ. ತೀರಿಸಲೇಬೇಕು ಅನ್ನೋ ಮನಸ್ಸಿದ್ದರೆ ಅಪ್ಪ ಕೊಟ್ಟಷ್ಟೇ ಕೊಡಿ, ಮೇಲೊಂದು ರೂಪಾಯಿ ಬೇಡ. ಅದನ್ನು ಅವ್ವನ ಕೈಗೆ ಕೊಟ್ಟರೆ ಸಾಕು. ನಾವು ತೀರಿಸಬೇಕಾದ ಮನೆಗಳಿಗೆ ನಾವು ಬಂದೇ ಬರುತ್ತೇವೆ, ಅದು ನಿಲ್ಲೋದಿಲ್ಲ. ಈ ಕೊನೆಯ ಮಾತು ಸೇರಿಸಿದ ಮೇಲೆಯೇ ಅಜ್ಜಿ ಒಪ್ಪಿದ್ದು.

ಬಟ್ಟೆ ಮಾತ್ರ ದಯವಿಟ್ಟು ಬೇಡ. ಟವೆಲ್, ಟೊಪ್ಪಿಗೆ, ಖಣ ಯಾವ ಮನೆಯಲ್ಲೂ ಬಿಚ್ಚೋದಿಲ್ಲ. ನಮ್ಮ ಟ್ರಂಕಿನಿಂದ ನಿಮ್ಮ ಟ್ರಂಕಿಗೆ, ಅಲ್ಲಿಂದ ಇನ್ನೊಂದು ಮದುವೆಗೆ ಹೋಗುತ್ತವೆ. ಒಂದು ಟವೆಲ್ಲು ನಮ್ಮ ಮನೆಗೇ ತಿರುಗಿ ಬಂದದ್ದನ್ನು ಅವ್ವ ಮಡಿಕೆಯ ಗುರುತಿನಿಂದ ಹಿಡಿದಿದ್ದಾಳೆ. ಗೋಡೆ ಗಡಿಯಾರವೂ ಬೇಡ. ಸೋದರಮಾವ ತರೋ ಕಾಲುಂಗುರ ಶಾಸ್ತ್ರದ್ದು, ಅದು ಇರುತ್ತದೆ.

ಹಾಗಾದರೆ ಪುಸ್ತಕ? ಪುಸ್ತಕ ಇರುತ್ತದೆ, ಆದರೆ ಬೇರೆ ಕೆಲಸಕ್ಕೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಕೆಳಗೆ 1985ರಲ್ಲಿ ಒಂದು ನಿಯಮ ಬಂತು. ಯಾರೂ ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗೆ ಕಾಯ್ದೆಯ ಅಡ್ಡಿ ಇಲ್ಲ, ಆದರೆ ಅದರ ಪಟ್ಟಿ ಇಡಬೇಕು ಅಂತ. ಹೆಣ್ಣಿಗೆ ಬಂದದ್ದರ ಪಟ್ಟಿ ಹೆಣ್ಣಿನ ಹತ್ತಿರ, ಗಂಡಿಗೆ ಬಂದದ್ದು ಗಂಡಿನ ಹತ್ತಿರ. ಮದುವೆಯ ಹೊತ್ತಿಗೆ ಇಲ್ಲವೇ ಆದಷ್ಟು ಬೇಗ ಬರೆದು ಇಬ್ಬರೂ ಸಹಿ ಮಾಡಬೇಕು. ಸಹಿ ಬಾರದವರು ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಬಹುದು. ಹೆಣ್ಣಿನ ಕಡೆಯವರು ಕೊಟ್ಟದ್ದು ರೂಢಿಯಲ್ಲಿರೋದೇ ಆಗಿರಬೇಕು, ಕೊಟ್ಟವರ ಶಕ್ತಿ ಮೀರಿರಬಾರದು ಅಂತಲೂ ಕಾಯ್ದೆ ಹೇಳುತ್ತದೆ.

ನಮ್ಮ ಮುಯ್ಯಿ ಪುಸ್ತಕ ತೆಗೆದು ನೋಡಿದರೆ ಅದರಲ್ಲಿ ಕೊಟ್ಟವರ ಹೆಸರು, ಊರು, ಕೊಟ್ಟದ್ದು ಮೊದಲೇ ಇದೆ. ಕಾಯ್ದೆಯ ಪಟ್ಟಿ ಆಗೋದಕ್ಕೆ ಬೇಕಾದದ್ದು ಇನ್ನು ಮೂರೇ: ವಸ್ತುವಿನ ಅಂದಾಜು ಬೆಲೆ, ಕೊಟ್ಟವರು ಸಂಬಂಧದಲ್ಲಿ ಏನಾಗಬೇಕು ಅನ್ನೋದು, ಕೆಳಗೆ ಇಬ್ಬರ ಸಹಿ. "ಕಾಲುಂಗುರ ಒಂದು ಜೊತೆ, ಬೆಳ್ಳಿ, ಇಷ್ಟು ತೂಕ, ಅಂದಾಜು ಇಷ್ಟು ರೂಪಾಯಿ, ಸೋದರಮಾವ" ಅಂತ ಒಂದು ಸಾಲು ಬರೆದರೆ ಮುಗಿಯಿತು. ಬೀಗರಿಗೆ ಈ ಮಾತು ಹೇಳೋದು ಹೇಗೆ ಅಂತ ಅಪ್ಪನಿಗೆ ಅಳುಕು ಇತ್ತು. ನಂಬಿಕೆ ಇಲ್ಲವೇನೋ ಅಂದುಕೊಂಡಾರು ಅಂತ. ಯಾದಿ ಮಾಡೋ ದಿನವೇ ಹೇಳಿದೆವು. ಯಾರ ಕಡೆಯ ಖರ್ಚು ಯಾರದು ಅಂತ ಯಾದಿ ಬರೆದು ಸಹಿ ಹಾಕೋರಿಗೆ ಇನ್ನೊಂದು ಪಟ್ಟಿ ಹೊಸದಾಗಿ ಕಾಣಲಿಲ್ಲ. ಅಳಿಯಂದಿರೇ, "ನಂದೂ ಒಂದು ಪುಸ್ತಕ ತರ್ತೀನ್ರಿ" ಅಂದರು.

ಹೆಣ್ಣಿಗೆ ಅಂತ ಬಂದದ್ದು ಹೆಣ್ಣಿನದೇ, ಗಂಡನ ಮನೆಯವರು ಇಟ್ಟುಕೊಂಡಿದ್ದರೂ ಆಕೆ ಕೇಳಿದಾಗ ತಿರುಗಿ ಕೊಡಬೇಕು ಅಂತ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ಹೇಳಿದ್ದು ಕೈಗೆ ಸಿಗಬೇಕಾದರೆ ಏನೇನು ಬಂದಿತ್ತು ಅನ್ನೋದಕ್ಕೆ ಬರಹ ಇರಬೇಕು. ಹತ್ತು ವರ್ಷದ ಮೇಲೆ ಬಂಗಾರದ ತೂಕ ಯಾರ ಬಾಯಲ್ಲೂ ಒಂದೇ ಇರೋದಿಲ್ಲ. ಆ ಪುಸ್ತಕ ತಂಗಿಯ ಜೊತೆಗೇ ಹೋಗುತ್ತದೆ, ನಕಲು ಅವ್ವನ ಟ್ರಂಕಿನಲ್ಲಿ.

ದೊಡ್ಡಮ್ಮನಿಗೆ ಅವ್ವ ಮತ್ತೆ ಫೋನು ಮಾಡಿ, ಶನಿವಾರ ಅರಿಷಿಣ ಕುಟ್ಟೋಕೆ ನೀನೇ ಮೊದಲ ಕೈ ಹಾಕಬೇಕು ಅಂತ ಹೇಳಿದ್ದಾಳೆ. ಬರ್ತೀನಿ ಅಂದಿದ್ದಾಳಂತೆ, ಕಾಲುನೋವಿನ ಮಾತು ಬರಲಿಲ್ಲ.

ನೀವು ಎಷ್ಟು ಜನ ಬರ್ತೀರಿ ಅನ್ನೋದನ್ನು ಏಪ್ರಿಲ್ 25ರೊಳಗೆ ಅಪ್ಪನಿಗೋ ನನಗೋ ಹೇಳಿ. ಗೋದಿ ಹುಗ್ಗಿಗೆ ಗೋದಿ ಕುಟ್ಟಿಸೋದು ಆ ಲೆಕ್ಕದ ಮೇಲೆ. ಶನಿವಾರ ರಾತ್ರಿ ಉಳಿಯೋರು ಬೇರೆಯಾಗಿ ತಿಳಿಸಿ, ಹಾಸಿಗೆ ಹೊಂದಿಸಬೇಕು.