ತಾರಸಿ ಕಾದ ಹದಿನಾಲ್ಕು ದಿನ

ಗೃಹಪ್ರವೇಶದಲ್ಲಿ “ಎಲ್ಲರಿಗೂ ವಂದನೆಗಳು” ಎಂದು ಒಂದೇ ಮಾತು ಹೇಳಿ ಊಟಕ್ಕೆ ಎಬ್ಬಿಸುವುದು ವಾಡಿಕೆ. ಆದರೆ ಇಪ್ಪತ್ತು ವರ್ಷ ಮೈಸೂರಿನ ಬಾಡಿಗೆ ಮನೆಗಳಲ್ಲಿ ಕಳೆದು ಕಟ್ಟಿಸಿದ ಮೊದಲ ಸ್ವಂತ ಮನೆ ಇದು. ಯಾರು ಏನು ಮಾಡಿದರೆಂಬುದನ್ನು ಬಿಡಿಸಿ ಹೇಳಲೇಬೇಕೆಂದು ನಾನು ಹಟ ಹಿಡಿದೆ. ಮಂಗಳಾರತಿಯಾದ ಮೇಲೆ, ಎಲೆ ಹಾಕುವ ಮುಂಚೆ, ಮೇಸ್ತ್ರಿಯವರನ್ನು ಮುಂದೆ ಕೂರಿಸಿ ಹೀಗೆ ಹೇಳಿದೆ:

“ನೀವೆಲ್ಲಾ ಕೂತಿರುವ ಈ ನಡುಮನೆಯ ಅಗಲ 16 ಅಡಿ. ತಾರಸಿ ಹಾಕಿದ್ದು 2019ರ ಏಪ್ರಿಲ್‌ನಲ್ಲಿ, ಸುಡುಬಿಸಿಲಿನಲ್ಲಿ. ಮುಹೂರ್ತ ಹತ್ತಿರವಿತ್ತು. ಏಳೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿಸಿ ಒಳಗಿನ ಗಾರೆ ಕೆಲಸ ಶುರು ಮಾಡಿಸಿ ಎಂದು ನೆಂಟರೆಲ್ಲಾ ಅವಸರ ಮಾಡಿದರು. ಮೇಸ್ತ್ರಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ‘ಚಿಕ್ಕ ಕೋಣೇದು ಏಳು ದಿನಕ್ಕೆ ಬಿಚ್ಚಬೌದಮ್ಮಾ, ಇಷ್ಟಗಲದ್ದಕ್ಕೆ ಹದಿನಾಲ್ಕು ದಿನ ಆಗ್ಲೇಬೇಕು. ಆತುರಪಟ್ರೆ ಮಧ್ಯದಲ್ಲಿ ಜಗ್ತದೆ. ಆಮೇಲೆ ಎತ್ತೋಕಾಗಲ್ಲ’ ಅಂದರು. ಸುಮ್ಮನೆ ಕಾಯುವ ದಿನಗಳಿಗೆ ಅವರಿಗೆ ಕೂಲಿ ಹುಟ್ಟುತ್ತಿರಲಿಲ್ಲ. ಆದರೂ ಕಾದರು.

“ಆಗ ನಮ್ಮ ಭಾವನವರು, ‘ಮುಹೂರ್ತ ಇನ್ನೊಂದು ಸಿಗುತ್ತೆ, ತಾರಸಿ ಇನ್ನೊಂದು ಸಿಗಲ್ಲ’ ಎಂದು ತಾವೇ ಪುರೋಹಿತರಲ್ಲಿಗೆ ಹೋಗಿ ಬೇರೆ ದಿನ ಹುಡುಕಿಸಿದರು. ಪತ್ರಿಕೆ ಹಂಚಿಯಾಗಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿ ತಿಳಿಸಿದವರೂ ಅವರೇ.

“ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ನಾನು ತಿಳಿದಿದ್ದೆ. ಅದು ನೀರು ಕುಡಿದು ಗಟ್ಟಿಯಾಗುವ ವಸ್ತುವಂತೆ. ಬೇಗ ಒಣಗಿದರೆ ಕೂದಲೆಳೆಯಂಥ ಬಿರುಕು ಬಿಟ್ಟು, ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಅದಕ್ಕೇ ತಾರಸಿಯ ಮೇಲೆ ಗದ್ದೆಯ ಮಡಿಗಳ ಹಾಗೆ ಸಣ್ಣ ಸಣ್ಣ ಬದು ಕಟ್ಟಿ, ಎರಡು ಅಂಗುಲ ನೀರು ನಿಲ್ಲಿಸಿದ್ದರು. ಬಿಸಿಲಿಗೆ ಸಂಜೆಯೊಳಗೆ ಅಲ್ಲಲ್ಲಿ ತಳ ಕಾಣುತ್ತಿತ್ತು. ನಲ್ಲಿ ನೀರೋ ದಿನ ಬಿಟ್ಟು ದಿನ. ಪಕ್ಕದ ಮನೆಯ ಅಕ್ಕ ತಮ್ಮ ಬೋರ್‌ವೆಲ್ಲಿನ ಪೈಪನ್ನು ಕಾಂಪೌಂಡಿನ ಮೇಲಿಂದ ಎಳೆದುಕೊಟ್ಟರು, ಕರೆಂಟಿನ ದುಡ್ಡು ಕೊಟ್ಟರೆ ಬೈದರು. ನಾವು ಊರಲ್ಲಿಲ್ಲದ ಎರಡು ದಿನ ಎದುರು ಮನೆಯ ಹುಡುಗ ಬೆಳಿಗ್ಗೆ, ಸಂಜೆ ಏಣಿ ಹತ್ತಿ ನೀರು ಬಿಟ್ಟ. ಈಗ ತಲೆಯೆತ್ತಿ ನೋಡಿ, ಎಲ್ಲಾದರೂ ಒಂದು ಬಿರುಕಿದೆಯೇ? ಇವರೆಲ್ಲರ ಋಣ ನಮ್ಮ ತಲೆಯ ಮೇಲೇ ಇದೆ.”

ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಕೂತಿದ್ದರು. ಅವರಿಗೆ ಪಂಚೆ, ಶಲ್ಯ, ಗಾರೆ ಹೊತ್ತ ಹೆಂಗಸರಿಗೆ ಸೀರೆ, ಕುಪ್ಪಸದ ಕಣ ಕೊಟ್ಟು ಮೊದಲ ಪಂಕ್ತಿಯಲ್ಲೇ ಬಡಿಸಿದೆವು. ಅವರಲ್ಲೊಬ್ಬಾಕೆ ಮಗಳಿಗೆ ಮೇಲೆ ತೋರಿಸಿ, “ಇದು ನಾನು ಹೊತ್ತಿದ್ದು ಕಣೇ” ಅಂದಳು.

ಮನೆ ಕಟ್ಟಿಸುವ ಸೋದರಿಯರೇ, ಲೆಕ್ಕದ ಪುಸ್ತಕದಲ್ಲಿ ಸಿಮೆಂಟಿನ ಮೂಟೆಗಳ ಜೊತೆಗೆ ತಾರಸಿ ಹಾಕಿದ ದಿನ, ನೀರು ಬಿಟ್ಟವರು ಯಾರು, ಸೆಂಟ್ರಿಂಗ್ ಬಿಚ್ಚಿದ ದಿನ ಎಲ್ಲವನ್ನೂ ಬರೆದಿಡಿ. ಗೃಹಪ್ರವೇಶದಲ್ಲಿ ಏನು ಮಾತಾಡುವುದೆಂಬ ಚಿಂತೆ ಇರುವುದಿಲ್ಲ. ಪುಸ್ತಕ ತೆರೆದರೆ ಸಾಕು.